ಮನೆ ಒಕ್ಕಲಿಗೆ ಬಾರದಿದ್ದುದಕ್ಕೆ

ಪ್ರೀತಿಯ ಗೆಳೆಯಾ,

ಆದಿತ್ಯವಾರ ನಿನ್ನ ಮನೆ ಒಕ್ಕಲಿಗೆ ನಾನು ಬರಲಿಲ್ಲ. 300 ಬಾಳೆಲೆ ತರುತ್ತೇನೆ, ಮೊದಲ ಹಂತಿಗೆ ಬಡಿಸಲು ನಿಲ್ಲುತ್ತೇನೆ ಎಂದು ಮಾತು ಕೊಟ್ಟವನು ನಾನೇ. ತಪ್ಪಾಯಿತು, ಕ್ಷಮಿಸು.

ಬೆಳಗ್ಗೆ 5 ಗಂಟೆಗೆ ಅಮ್ಮನ ಶುಗರ್ 48ಕ್ಕೆ ಇಳಿದು ಮಾತು ತೊದಲಿತು. ಸಕ್ಕರೆ ನೀರು ಕುಡಿಸಿ ಮಂಗಳೂರಿನ ಆಸ್ಪತ್ರೆಗೆ ಕರಕೊಂಡು ಹೋದೆವು. ಈಗ ಮನೆಗೆ ಬಂದಿದ್ದಾರೆ, ಉಷಾರಿದ್ದಾರೆ.

ಬಾರದಿದ್ದುದಕ್ಕೆ ಇದು ಕಾರಣ. ಫೋನ್ ಮಾಡದಿದ್ದುದಕ್ಕೆ ಅಲ್ಲ. 8 ಗಂಟೆಗೆ ಅಮ್ಮ ಚೇತರಿಸಿಕೊಂಡಿದ್ದರು, ಫೋನ್ ನನ್ನ ಕೈಯಲ್ಲೇ ಇತ್ತು. ಹಿಂದಿನ ಸಂಜೆ ಕೊಯ್ದ ಎಲೆ ಜಗಲಿಯಲ್ಲಿ ಕಟ್ಟಿಟ್ಟಿತ್ತು. ಒಂದು ಮಾತು ಹೇಳಿದ್ದರೆ ಯಾರಾದರೂ ಬಂದು ಒಯ್ಯುತ್ತಿದ್ದರು. ಕಾರ್ಯದ ಯಜಮಾನನಾದ ನೀನು ಎಲೆಗಾಗಿ ಬದಿಯಡ್ಕ ಪೇಟೆಗೆ ಓಡಬೇಕಾಯಿತು, ನೆಂಟರು ಊಟಕ್ಕೆ ಕಾಯಬೇಕಾಯಿತು ಎಂದು ಕೇಳಿ ತುಂಬ ಬೇಜಾರಾಯಿತು.

ಎಲೆಯ ದುಡ್ಡು ನಾನು ಕೊಡಬೇಕಾದ್ದು, ಎಷ್ಟಾಯಿತು ಹೇಳು. ಶನಿವಾರ ಸಂಜೆ 4 ಗಂಟೆಗೆ ನಾವಿಬ್ಬರೂ ಬರುತ್ತೇವೆ. ನಿನ್ನ ಅಪ್ಪನ ಹತ್ತಿರವೂ ನಾನೇ ಕ್ಷಮೆ ಕೇಳುತ್ತೇನೆ, ನೀನು ನನ್ನ ಪರವಾಗಿ ಏನೂ ಹೇಳಬೇಡ. ಆ ದಿನ ಆಗದಿದ್ದರೆ ನಿನಗೆ ಅನುಕೂಲದ ದಿನ ತಿಳಿಸು.