ದಾರ ಮುಗಿದರೂ ಹೊಲಿಗೆ ಬಿಚ್ಚುವುದಿಲ್ಲ: ದೊಡ್ಡಮ್ಮನಿಗೆ ಬರೆದ ಮಾತುಗಳು

ದೊಡ್ಡಮ್ಮ,

ಮೊನ್ನೆ ಫೋನಿನಲ್ಲಿ ನೀನು "ಇನ್ನು ನನ್ನಿಂದ ಯಾರಿಗೇನು ಆಗಬೇಕಿದೆ ಹೇಳು" ಅಂದೆ. ನನಗೆ ಆಗ ಏನೂ ಹೊಳೆಯಲಿಲ್ಲ. "ಹಾಗೆಲ್ಲ ಅನ್ನಬೇಡ" ಅಂದು ಫೋನ್ ಇಟ್ಟೆ. ಅದು ಉತ್ತರವಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ನಾಲ್ಕು ದಿನ ಕೂತು ಈ ಮಾತುಗಳನ್ನು ಬರೆದಿದ್ದೇನೆ. ಅಕ್ಷರ ದಪ್ಪಗಿದೆ, ಕನ್ನಡಕ ಹುಡುಕಬೇಕಾಗಿಲ್ಲ. ಹೊಲಿಗೆ ಮಷಿನ್ ಪಕ್ಕದ ಗೋಡೆಗೆ ಅಂಟಿಸಿಕೋ. ಎಲ್ಲವನ್ನೂ ಒಂದೇ ಸಲ ಓದಬೇಡ. ಯಾವ ದಿನಕ್ಕೆ ಯಾವುದು ಬೇಕೋ ಅಷ್ಟು ಸಾಕು.

ಬೆಳಗ್ಗೆ, ಯಾಕೆ ಏಳಬೇಕು ಅನ್ನಿಸಿದಾಗ

ಹೊಲಿದವಳು ಮನೆಯಲ್ಲೇ ಕೂತಿದ್ದರೂ ಹೊಲಿಗೆ ಊರೆಲ್ಲ ಓಡಾಡುತ್ತದೆ.

ದಾರ ಮುಗಿದರೂ ಹೊಲಿಗೆ ಬಿಚ್ಚುವುದಿಲ್ಲ.

ಮೇಲಿನ ದಾರವನ್ನು ಎಲ್ಲರೂ ನೋಡುತ್ತಾರೆ, ಅಡಿಯ ದಾರ ಇಲ್ಲದೆ ಒಂದು ಹೊಲಿಗೆಯೂ ಕೂರುವುದಿಲ್ಲ.

ಇದನ್ನು ನನಗೆ ಕಲಿಸಿದವಳು ನೀನೇ. ನನಗಾಗ ಹತ್ತು ವರ್ಷ. ಮಷಿನ್ ಓಡಿಸಿದ್ದೇ ಓಡಿಸಿದ್ದು, ಬಟ್ಟೆಯ ಮೇಲೆ ತೂತು ಮಾತ್ರ ಬೀಳುತ್ತಿತ್ತು. ನೀನು ಬಗ್ಗಿ ಕೆಳಗಿನ ಮುಚ್ಚಳ ಸರಿಸಿ ತೋರಿಸಿದೆ. ಬಾಬಿನ್ ಖಾಲಿ. "ಕಾಣದಿರುವುದನ್ನು ಮೊದಲು ನೋಡು" ಅಂದೆ. ಈಗ ಅದೇ ಮಾತನ್ನು ನಿನಗೆ ವಾಪಸ್ ಕೊಡುತ್ತಿದ್ದೇನೆ. ನಮ್ಮ ಮನೆಯವರೆಲ್ಲ ಬಿಡಿಬಿಡಿಯಾಗಿ ಉದುರದೆ ಒಬ್ಬರಿಗೊಬ್ಬರು ಅಂಟಿಕೊಂಡಿದ್ದೇವಲ್ಲ, ಅದರ ಅಡಿಯಲ್ಲಿ ಯಾರ ದಾರ ಇದೆ ಅಂದುಕೊಂಡಿದ್ದೀಯ?

"ನಾನು ಉಪಯೋಗವಿಲ್ಲ" ಅನ್ನಿಸಿದಾಗ

ಉಪಯೋಗ ಏನು ಅಂತ ಕತ್ತರಿಯನ್ನು ಕೇಳಬೇಕು. ಮನುಷ್ಯರನ್ನು "ಹೇಗಿದ್ದೀಯ" ಅಂತ ಕೇಳಬೇಕು.

ಕೆಲಸಕ್ಕೆ ಬರುವವರು ಬೇಕೆನ್ನಿಸುತ್ತಾರೆ ಕೆಲಸ ಮುಗಿಯುವವರೆಗೆ. ನಮ್ಮವರು ಬೇಕೆನ್ನಿಸುತ್ತಾರೆ ಸುಮ್ನೆ.

ಕೈ ಬಿಡುವಾದರೆ ಬಾಳು ಬರಿದಾಗುವುದಿಲ್ಲ.

ಆನೆಗಳ ಹಿಂಡನ್ನು ಸಾಮಾನ್ಯವಾಗಿ ನಡೆಸುವುದು ಎಲ್ಲರಿಗಿಂತ ಹಿರಿಯ ಹೆಣ್ಣಾನೆ. ಮಳೆ ಕೈಕೊಟ್ಟ ವರ್ಷ ನೀರು ಎಲ್ಲಿ ಸಿಗುತ್ತದೆ ಅನ್ನುವ ನೆನಪು ಇರುವುದು ಅವಳಲ್ಲಿ. ಮರಿಗಳ ಹಾಗೆ ಅವಳು ಓಡಲಾರಳು. ಹಿಂಡು ಅವಳನ್ನು ನೋಡಿ ನಡೆಯುತ್ತದೆ. ದೊಡ್ಡಮ್ಮ, ಹೋದ ವರ್ಷ ಅಣ್ಣನ ಕೆಲಸ ಹೋದಾಗ ಅವನು ಮೊದಲು ಫೋನ್ ಮಾಡಿದ್ದು ನಿನಗೆ. ದುಡ್ಡು ಕೇಳಲಿಲ್ಲ, ಅಲ್ವಾ? ನೀನೂ ದೊಡ್ಡಪ್ಪನೂ ಆ ಕಷ್ಟದ ಮೂರು ವರ್ಷ ಹೇಗೆ ದಾಟಿದಿರಿ ಅಂತ ಕೇಳಿದ. ನೀನು ಹೇಳಿದೆ. ಆ ರಾತ್ರಿ ಅವನು ನಿದ್ದೆ ಮಾಡಿದ. ಅದನ್ನು ಅವನು ನಿನಗೆ ಹೇಳಿರಲಿಕ್ಕಿಲ್ಲ, ನನಗೆ ಹೇಳಿದ್ದಾನೆ.

ದಾಟಿ ಬಂದವರು ಆಚೆ ದಡದಲ್ಲಿ ನಿಂತಿದ್ದರೆ ಸಾಕು, ಈಚೆಯವರಿಗೆ ಹೊಳೆ ಅಗಲ ಕಡಿಮೆ.

ಕೈ ನಡುಗಿದಾಗ, ಕಣ್ಣು ಮಂಜಾದಾಗ

ನಲವತ್ತು ದಾಟಿದವರ ಕಣ್ಣಿನ ಮಸೂರ ಗಡುಸಾಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಅದು ಎಲ್ಲರಿಗೂ ಆಗುವುದು. ಅದು ನಿನ್ನ ಸೋಲು ಹೇಗಾಗುತ್ತದೆ?

ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕರೆದರೆ ಹೊಲಿಗೆಯೇನೂ ಸಣ್ಣದಾಗುವುದಿಲ್ಲ.

ಸಹಾಯ ಕೇಳುವುದೂ ಒಂದು ಕೊಡುಗೆಯೇ.

ಈ ಮಾತಿನ ಮೇಲೆ ನನಗೆ ತುಂಬಾ ನಂಬಿಕೆ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಪಕ್ಕದ ಮನೆಯ ಪುಟ್ಟ ಹುಡುಗಿಯಿಂದ ಸೂಜಿಗೆ ದಾರ ಹಾಕಿಸಿಕೊಳ್ಳಲು ನಿನಗೆ ಸಂಕೋಚ ಅಂದೆ. ಆ ಮಗುವನ್ನು ಇಡೀ ದಿನ ಎಲ್ಲರೂ "ಅದು ಮುಟ್ಟಬೇಡ, ಇದು ನಿನ್ನ ಕೈಲಾಗಲ್ಲ" ಅನ್ನುತ್ತಿರುತ್ತಾರೆ. ನಿನ್ನ ಬಾಗಿಲಲ್ಲಿ ಮಾತ್ರ ಅವಳಿಂದಲೇ ಆಗಬೇಕಾದ ಕೆಲಸ ಒಂದಿದೆ. ದಾರ ಹಾಕಿಕೊಟ್ಟು ಹೋಗುವಾಗ ಅವಳ ನಡಿಗೆ ನೋಡು. ನೀನು ಯಾರನ್ನೂ ಏನನ್ನೂ ಕೇಳದೆ ಗಟ್ಟಿಯಾಗಿ ಕೂತುಬಿಟ್ಟರೆ, ನಿನ್ನ ಸುತ್ತಲಿನವರಿಗೆ ನಿನಗಾಗಿ ಏನಾದರೂ ಮಾಡುವ ಸಂತೋಷ ತಪ್ಪಿಹೋಗುತ್ತದೆ. ನಲವತ್ತು ವರ್ಷ ಆ ಸಂತೋಷವನ್ನು ನೀನೊಬ್ಬಳೇ ಅನುಭವಿಸಿದ್ದೀಯ. ಈಗ ನಮಗೂ ಪಾಲು ಕೊಡು.

ನಿಧಾನವಾದ ಕೈ ನಿಂತ ಕೈಯಲ್ಲ.

ಫೋನ್ ಬಾರದ ದಿನ

ಮರೆತವರು ಬೇರೆ, ಮಾತಾಡಲು ಹೊತ್ತು ಸಿಗದವರು ಬೇರೆ. ಇಬ್ಬರ ಮೌನವೂ ಒಂದೇ ಥರ ಕೇಳಿಸುತ್ತದೆ, ಅದೇ ಕಷ್ಟ.

ಕಾಯುವ ಬದಲು ನೀನೇ ಮಾಡು. ಮೊದಲು ಫೋನ್ ಮಾಡಿದವರು ಸಣ್ಣವರಾಗುವುದಿಲ್ಲ.

ಒಬ್ಬಳೇ ಇರುವುದು ಬೇರೆ, ಒಂಟಿ ಅನ್ನಿಸುವುದು ಬೇರೆ. ಮೊದಲನೆಯದಕ್ಕೆ ಅಭ್ಯಾಸ ಬೇಕು, ಎರಡನೆಯದಕ್ಕೆ ಜನ ಬೇಕು.

ಹೀಗನ್ನಿಸುವುದು ನಿನ್ನ ಮನಸ್ಸಿನ ಕೊರತೆ ಅಂದುಕೊಳ್ಳಬೇಡ. ಎಷ್ಟೋ ದೇಶಗಳಲ್ಲಿ, ಎಷ್ಟೋ ವಯಸ್ಸಿನವರನ್ನು ಒಂಟಿತನ ಕಾಡುತ್ತಿದೆ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿಯೇ ಒಂದು ಆಯೋಗ ಮಾಡಿತು. ಅಷ್ಟು ದೊಡ್ಡ ನೋವನ್ನು ನೀನು ಒಂದು ಕೋಣೆಯಲ್ಲಿ ಒಬ್ಬಳೇ ಹೊತ್ತುಕೊಂಡು, ಮೇಲಿಂದ ನಾಚಿಕೆಯನ್ನೂ ಯಾಕೆ ಹೊರಬೇಕು?

ಸಂಜೆ, ದೊಡ್ಡಪ್ಪನ ಕುರ್ಚಿ ಕಣ್ಣಿಗೆ ಬಿದ್ದಾಗ

ಅಳು ಬಂದರೆ ಅಳು. ಕಣ್ಣೀರಿಗೆ ಯಾರ ಅಪ್ಪಣೆಯೂ ಬೇಡ.

ಖಾಲಿ ಕುರ್ಚಿಯ ಜೊತೆ ಮಾತಾಡಿದರೆ ಹುಚ್ಚಲ್ಲ, ರೂಢಿ.

ಇಲ್ಲಿ ಜಾಸ್ತಿ ಬರೆಯಲು ನನಗೆ ಬರುವುದಿಲ್ಲ.

ರಾತ್ರಿ, ನಿದ್ದೆ ಹತ್ತದಾಗ

ಕತ್ತಲಲ್ಲಿ ಲೆಕ್ಕ ಹಾಕಬೇಡ. ರಾತ್ರಿಯ ಲೆಕ್ಕದಲ್ಲಿ ಸಾಲ ಮಾತ್ರ ಕಾಣುತ್ತದೆ, ಜಮೆ ಕಾಣುವುದಿಲ್ಲ.

ಇವತ್ತು ಏನೂ ಮಾಡಲಿಲ್ಲ ಅನ್ನಿಸಿದರೆ, ಇವತ್ತನ್ನು ದಾಟಿದೆ ಅಂದುಕೋ. ಕೆಲವು ದಿನ ಅದೇ ದೊಡ್ಡ ಕೆಲಸ.

ಭಾರ ಅಂದುಕೊಂಡವರು ಭಾರ ಆಗುವುದಿಲ್ಲ. ಹೊರುವವರನ್ನು ಕೇಳಬೇಕು.

ನನ್ನನ್ನು ಕೇಳಿದರೆ, ನೀನು ಭಾರವಲ್ಲ. ನೀನಿದ್ದೀಯ ಅನ್ನುವ ಧೈರ್ಯದ ಮೇಲೆ ನಾನು ಎಷ್ಟೋ ಕೆಲಸಕ್ಕೆ ಕೈ ಹಾಕಿದ್ದೇನೆ.

ಇನ್ನೊಂದು ಮಾತು, ಇದನ್ನು ಗಾದೆ ಥರ ಹೇಳಲಾರೆ, ನೇರವಾಗಿ ಹೇಳುತ್ತೇನೆ. ಎರಡು ವಾರ ಬಿಡದೆ ಮನಸ್ಸು ಕುಗ್ಗಿಯೇ ಇದ್ದರೆ, ಊಟ ಸೇರದೆ, ನಿದ್ದೆ ಬಾರದೆ ಇದ್ದರೆ, ಡಾಕ್ಟರ ಹತ್ತಿರ ಹೋಗೋಣ. ವಯಸ್ಸಾಯಿತು, ಹೀಗೇ ಇರುತ್ತದೆ ಅಂತ ಬಿಡಬೇಡ. ಖಿನ್ನತೆ ಮುಪ್ಪಿನ ಭಾಗವಲ್ಲ. ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನಿಸಿದರೆ ಎರಡು ವಾರವೂ ಕಾಯಬೇಡ, ಆ ಗಳಿಗೆಯಲ್ಲೇ ನನಗೆ ಫೋನ್ ಮಾಡು. ನಡುರಾತ್ರಿಯಾದರೂ ಸರಿ. ನಾನು ಎತ್ತುತ್ತೇನೆ.

ಕೊನೆಯ ಹಾಳೆ

ಇದನ್ನು ಖಾಲಿ ಬಿಟ್ಟಿದ್ದೇನೆ. ನಿನಗೆ ಹೊಳೆದ ಮಾತು ನೀನೇ ಬರಿ. ನಡುಗಿದ ಅಕ್ಷರವಾದರೂ ಪರವಾಗಿಲ್ಲ, ನಾನು ಓದುತ್ತೇನೆ.

ಭಾನುವಾರ ಬೆಳಗ್ಗೆ ಬರುತ್ತೇನೆ. ಒಂದು ಅಂಗಿ ತರುತ್ತಿದ್ದೇನೆ. ತೋಳು ಕೂಡಿಸುವ ಕಡೆ ಸುಕ್ಕು ಬೀಳುತ್ತಿದೆ, ಮೂರು ಸಲ ಬಿಚ್ಚಿ ಹೊಲಿದೆ, ಸರಿಹೋಗಲಿಲ್ಲ. ನೀನು ಹೊಲಿಯಬೇಡ. ಪಕ್ಕದಲ್ಲಿ ಕೂತು ಎಲ್ಲಿ ತಪ್ಪುತ್ತಿದ್ದೇನೆ ಅಂತ ಹೇಳು. ಸೂಜಿಗೆ ದಾರ ಹಾಕಲು ಆ ಪುಟ್ಟಿಯನ್ನೂ ಕರೆದಿರು.