ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ಚಟುವಟಿಕೆ ಆಧಾರಿತ ಗಣಿತ ಬೋಧನೆ: ಪಾಲಕರಿಗೆ ಪತ್ರ

ಸರಕಾರಿ ಹಿರಿಯ ಪ್ರಾಥಮಿಕ ಶಾಲೆ,
ಇಳಕಲ್ಲ, ಬಾಗಲಕೋಟೆ ಜಿಲ್ಲೆ

ಮಾನ್ಯ ಪಾಲಕರೇ,

ಬರುವ ಸೋಮವಾರದಿಂದ ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ಗಣಿತವನ್ನು ಚಟುವಟಿಕೆಗಳ ಮೂಲಕ ಕಲಿಸಲಾಗುವುದು. ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿಯಲ್ಲಿ ವಸ್ತುಗಳನ್ನು ಮುಟ್ಟಿ ಕಲಿತ ಮಕ್ಕಳು ನಾಲ್ಕನೆಯ ತರಗತಿಗೆ ಬಂದೊಡನೆ ಬರೀ ಪಾಟಿಯ ಮೇಲಿನ ಲೆಕ್ಕಕ್ಕೆ ತಡವರಿಸುವುದನ್ನು ಕಂಡು ಈ ನಿರ್ಧಾರ ಕೈಗೊಂಡಿದ್ದೇವೆ.

42ರಲ್ಲಿ 17 ಕಳೆಯಲು ಹೇಳಿದರೆ ಹಲವು ಮಕ್ಕಳು ಏಳರಲ್ಲಿ ಎರಡು ಕಳೆದು 35 ಎಂದು ಬರೆಯುತ್ತಾರೆ. ಹತ್ತತ್ತು ಕಡ್ಡಿಗಳ ನಾಲ್ಕು ಕಟ್ಟು ಹಾಗೂ ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟಾಗ, ಏಳು ಕಡ್ಡಿ ತೆಗೆಯಲು ಒಂದು ಕಟ್ಟನ್ನು ಬಿಚ್ಚಲೇಬೇಕೆಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ; ‘ದಶಕ ಪಡೆಯುವುದು’ ಎಂದರೆ ಇಷ್ಟೇ. ನೇಕಾರರ ಮನೆಯ ಮಕ್ಕಳು ಸೀರೆಯ ಅಂಚಿನ ವಿನ್ಯಾಸದಲ್ಲಿ ಗುಣಾಕಾರವನ್ನು ನಮಗಿಂತ ಬೇಗ ಗುರುತಿಸಿಯಾರು.

ಪಠ್ಯಪುಸ್ತಕ, ಮಗ್ಗಿ, ಪರೀಕ್ಷೆ ಎಂದಿನಂತೆಯೇ ಇರುತ್ತವೆ. ಆರಂಭದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದ ಲೆಕ್ಕಗಳು ಕಡಿಮೆ ಕಂಡರೆ ದಯವಿಟ್ಟು ಮಗುವನ್ನು ಗದರಿಸಬೇಡಿರಿ. ಯಾವ ಸಾಮಗ್ರಿಯನ್ನೂ ಕೊಳ್ಳಬೇಕಿಲ್ಲ. ಒಣಗಿದ ಹುಣಸೆಬೀಜ ಒಂದು ಹಿಡಿ ಕಳಿಸಿದರೆ ಸಾಕು.

ಶನಿವಾರ ಬೆಳಿಗ್ಗೆ 10 ಗಂಟೆಗೆ ಶಾಲೆಗೆ ಬಂದು ಒಂದು ಪಾಠವನ್ನು ತಾವೇ ಕುಳಿತು ನೋಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು