ಕೇಸ್ ರಿಪೋರ್ಟ್ ಮೌಲ್ಯಮಾಪನ: ಜ್ವರ, ಕಾಮಾಲೆ, ಕಿಡ್ನಿ ತೊಂದರೆಯೊಂದಿಗೆ ಬಂದ ತೋಟದ ಕಾರ್ಮಿಕ

ವಿಭಾಗ: ಜನರಲ್ ಮೆಡಿಸಿನ್, ಮಡಿಕೇರಿ
ಬರೆದವರು: ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿನಿ
ಒಟ್ಟು ಅಂಕ: 50ಕ್ಕೆ 24. ತಿದ್ದಿ ಮತ್ತೆ ಕೊಡಲು ಅವಕಾಶವಿದೆ.

ನಿಮ್ಮ ರಿಪೋರ್ಟನ್ನು ವಾರ್ಡಿನ ಕೇಸ್ ಶೀಟ್ ಪಕ್ಕದಲ್ಲಿಟ್ಟುಕೊಂಡು ಓದಿದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಅನ್ನುವ ನಿಮ್ಮ ತೀರ್ಮಾನದ ಬಗ್ಗೆ ನನಗೆ ತಕರಾರಿಲ್ಲ. ನನಗೂ ಹಾಗೇ ಅನಿಸುತ್ತದೆ. ಆದರೆ ಅಲ್ಲಿಗೆ ಹೇಗೆ ಹೋಗಿ ಮುಟ್ಟಿದಿರಿ ಅಂತ ರಿಪೋರ್ಟಿನಲ್ಲಿ ಕಾಣಿಸುವುದಿಲ್ಲ. ಮೊದಲ ಪುಟದಲ್ಲೇ ಲೆಪ್ಟೊ ಅಂತ ಬರೆದು, ಆಮೇಲೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸಿದ ಹಾಗಿದೆ. ಅಂಕ ಕಡಿಮೆಯಾಗಿದ್ದು ಇದಕ್ಕೇ.

ಹಿಸ್ಟರಿ ಮತ್ತು ಪರೀಕ್ಷೆ: 10ಕ್ಕೆ 6

ಪರೀಕ್ಷೆಯ ಭಾಗ ಚೆನ್ನಾಗಿದೆ. ಕಣ್ಣು ಕೆಂಪಾಗಿದ್ದರೂ ಪಿಸುರು ಇರಲಿಲ್ಲ ಅಂತ ಬಿಡಿಸಿ ಬರೆದಿದ್ದೀರಿ. ಮೀನಖಂಡ ಒತ್ತಿದಾಗ ಆತ ಕಾಲು ಎಳೆದುಕೊಂಡ ಅಂತಲೂ ಬರೆದಿದ್ದೀರಿ. ಇದು ರೋಗಿಯನ್ನು ಮುಟ್ಟಿ ನೋಡಿದವರು ಬರೆಯುವ ಮಾತು. ಖುಷಿಯಾಯಿತು.

ಹಿಸ್ಟರಿ ಮಾತ್ರ ಸೊರಗಿದೆ. 'ಉದ್ಯೋಗ: ಕೂಲಿ' ಅಂತ ಬರೆದು ಮುಂದೆ ಹೋಗಿದ್ದೀರಿ. ಕೊಡಗಿನಲ್ಲಿ ಜುಲೈ ಕೊನೆಯಲ್ಲಿ ಕೂಲಿ ಅಂದರೆ ಏನು ಕೆಲಸ? ಕಾಫಿ ತೋಟದಲ್ಲಿ ಕಳೆ ತೆಗೆಯುವುದಾ, ಚರಂಡಿ ಬಿಡಿಸುವುದಾ, ಗದ್ದೆಯಲ್ಲಿ ನಾಟಿಯಾ? ಕೇಸ್ ಶೀಟಿನಲ್ಲಿ ಇಂಟರ್ನ್ ಬರೆದ ಒಂದು ಸಾಲು ಇದೆ: ಜ್ವರ ಬರುವ ಹತ್ತು ದಿನ ಮುಂಚೆ ಆತ ಬರಿಗಾಲಲ್ಲಿ ಸಸಿಮಡಿ ಕಿತ್ತಿದ್ದಾನೆ, ಹಿಮ್ಮಡಿ ಒಡೆದಿತ್ತು. ಲೆಪ್ಟೊ ಮೈಗೆ ಹೊಕ್ಕ ಮೇಲೆ ಜ್ವರ ಕಾಣಿಸಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು. ಲೆಕ್ಕ ಸರಿಯಾಗಿ ಕೂಡುತ್ತದೆ, ಅಲ್ವಾ? ಇಡೀ ಕೇಸಿನಲ್ಲಿ ಇಷ್ಟು ತೂಕದ ಸಾಲು ಇನ್ನೊಂದಿಲ್ಲ. ಅದೇ ನಿಮ್ಮ ರಿಪೋರ್ಟಿನಲ್ಲಿ ಇಲ್ಲ.

ಇನ್ನೊಂದು ವಿಷಯ. ರೋಗಿ ಅಸ್ಸಾಮಿನವನು, ಕನ್ನಡ ಬಾರದು. ಮಾತು ತಿಳಿಸಿದ್ದು ತೋಟದ ರೈಟರ್. ಹೀಗಿರುವಾಗ 'ಮದ್ಯಪಾನ ಇಲ್ಲ' ಅನ್ನುವುದನ್ನು ಎಷ್ಟು ನಂಬುತ್ತೀರಿ? ಸಂಬಳ ಬರೆಯುವವನ ಎದುರಿಗೆ ಯಾರು ತಾನೇ ಕುಡಿತ ಒಪ್ಪಿಕೊಳ್ಳುತ್ತಾರೆ? ಲೈನ್ ಮನೆಯ ಹಿಂದೆ ಹಂದಿ ಗೂಡು ಇದೆಯಾ, ಇಲಿ ಕಾಟ ಇದೆಯಾ ಅನ್ನುವುದಕ್ಕೂ ರೈಟರ್ ಬಾಯಲ್ಲಿ ಒಳ್ಳೆಯ ಉತ್ತರವೇ ಬರುತ್ತದೆ. ವಾರ್ಡಿನಲ್ಲಿ ಹಿಂದಿ ಬಲ್ಲವರು ಇದ್ದರು. ರೈಟರ್ ಹೋದ ಮೇಲೆ ಮತ್ತೊಮ್ಮೆ ಕೇಳಬಹುದಿತ್ತು. ಅದಾಗದಿದ್ದರೆ, ಹಿಸ್ಟರಿ ಯಾರ ಮೂಲಕ ಸಿಕ್ಕಿತು ಅಂತಲಾದರೂ ಬರೆಯಬೇಕಿತ್ತು. ಊರಿಂದ ಯಾವಾಗ ಬಂದ ಅನ್ನುವುದೂ ಇಲ್ಲ. ಮಲೇರಿಯಾ ಮಾತು ಬಂದಾಗ ಅದು ಯಾಕೆ ಬೇಕು ಅಂತ ಕೆಳಗೆ ಹೇಳುತ್ತೇನೆ.

ಯೋಚಿಸಿದ ದಾರಿ: 15ಕ್ಕೆ 8

ನಿಮ್ಮ ಲ್ಯಾಬ್ ಟೇಬಲ್ ತುಂಬಾ ಅಚ್ಚುಕಟ್ಟಾಗಿದೆ. ಆದರೆ ಟೇಬಲ್ ಮುಗಿದ ಮೇಲೆ ಅದರ ಕಡೆ ತಿರುಗಿಯೂ ನೋಡಿಲ್ಲ. ಅದರೊಳಗೆ ಏನಿತ್ತು ನೋಡಿ.

ಬಿಲಿರುಬಿನ್ 9.2, ಅದರಲ್ಲಿ ಡೈರೆಕ್ಟ್ 7.1. ಎಎಸ್‌ಟಿ 110, ಎಎಲ್‌ಟಿ 84. ಕಣ್ಣು ಅರಿಶಿನ ಬಣ್ಣಕ್ಕೆ ತಿರುಗುವಷ್ಟು ಕಾಮಾಲೆ, ಆದರೆ ಲಿವರ್ ಎಂಜೈಮ್ ಏರಿದ್ದು ಅಷ್ಟಕ್ಕಷ್ಟೇ. ವೈರಲ್ ಹೆಪಟೈಟಿಸ್ ಆಗಿದ್ದರೆ ಎಎಲ್‌ಟಿ ಸಾಮಾನ್ಯವಾಗಿ ಸಾವಿರದ ಹತ್ತಿರ ಅಥವಾ ಅದಕ್ಕೂ ಮೇಲೆ ಇರುತ್ತಿತ್ತು. ಕಾಮಾಲೆ ಕಾಣುವ ಹೊತ್ತಿಗೆ ಜ್ವರವೂ ಇಳಿಯುತ್ತಿತ್ತು. ಇಲ್ಲಿ ಎರಡೂ ಆಗಿಲ್ಲ. ಈ ಒಂದು ಸಾಲು ಬರೆದಿದ್ದರೆ ಹೆಪಟೈಟಿಸ್ ತಾನಾಗಿಯೇ ಕೆಳಗಿಳಿಯುತ್ತಿತ್ತು.

ಕ್ರಿಯಾಟಿನಿನ್ 3.6, ಪೊಟ್ಯಾಸಿಯಂ 3.0, ಮೂತ್ರ ದಿನಕ್ಕೆ 1.6 ಲೀಟರ್. ಕಿಡ್ನಿ ಕೈಕೊಟ್ಟರೆ ಪೊಟ್ಯಾಸಿಯಂ ಏರುತ್ತದೆ ಅಂತ ಎರಡನೇ ವರ್ಷದ ವಿದ್ಯಾರ್ಥಿಯೂ ಹೇಳುತ್ತಾನೆ. ಇಲ್ಲಿ ಇಳಿದಿದೆ. ನೀವು 'ಐವಿಯಲ್ಲಿ ಪೊಟ್ಯಾಸಿಯಂ ಕೊಡಲಾಯಿತು' ಅಂತ ಬರೆದು ಸುಮ್ಮನಾಗಿದ್ದೀರಿ. ಯಾಕೆ ಇಳಿಯಿತು ಅಂತ ಕೇಳಿಕೊಳ್ಳಲೇ ಇಲ್ಲ. ಲೆಪ್ಟೊದಲ್ಲಿ ಕಿಡ್ನಿಯ ಮೊದಲ ಭಾಗದ ನಾಳಗಳು ಸೋಡಿಯಂ ಹಿಡಿದಿಟ್ಟುಕೊಳ್ಳಲು ಸೋಲುತ್ತವೆ. ಆ ಸೋಡಿಯಂ ಕೆಳಗಿನ ನಾಳಗಳಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಬದಲಾಗಿ ಪೊಟ್ಯಾಸಿಯಂ ಮೂತ್ರದಲ್ಲಿ ಹರಿದು ಹೋಗುತ್ತದೆ. ಮೂತ್ರ ಕಡಿಮೆಯಾಗದೆ, ಪೊಟ್ಯಾಸಿಯಂ ಇಳಿದು, ಕ್ರಿಯಾಟಿನಿನ್ ಏರುವ ಈ ಚಿತ್ರ ಲೆಪ್ಟೊ ಕಡೆಗೆ ಬಲವಾಗಿ ಕೈ ತೋರಿಸುತ್ತದೆ.

ಇಂಥದ್ದನ್ನೆಲ್ಲ ಬಿಟ್ಟು, ಡಯಾಗ್ನೋಸಿಸ್ ಖಚಿತ ಅನ್ನಲು ನೀವು ಕೊಟ್ಟ ಕಾರಣ ಎರಡು. ಒಂದು, ಲೆಪ್ಟೊ ಐಜಿಎಂ ಪಾಸಿಟಿವ್. ಎರಡು, ಡಾಕ್ಸಿಸೈಕ್ಲಿನ್ ಶುರು ಮಾಡಿದ ಎರಡು ದಿನದಲ್ಲಿ ಜ್ವರ ಬಿಟ್ಟಿತು. ಎರಡೂ ನೀವು ಅಂದುಕೊಂಡಷ್ಟು ಗಟ್ಟಿಯಲ್ಲ.

ಐಜಿಎಂ ತಿಂಗಳುಗಟ್ಟಲೆ ಉಳಿಯಬಹುದು. ಮಳೆಗಾಲ ಬಂತೆಂದರೆ ಕೆಸರಲ್ಲೇ ಇರುವ ಮನುಷ್ಯನಿಗೆ ಹಿಂದೊಮ್ಮೆ ಬಂದುಹೋದ ಸೋಂಕಿನ ಗುರುತೂ ಅದಾಗಿರಬಹುದು. ಒಂದೇ ಸ್ಯಾಂಪಲ್ ನೋಡಿ 'ಖಚಿತ' ಅನ್ನಬಾರದು, 'ಬಹುತೇಕ' ಅನ್ನಬಹುದು. ಖಚಿತವಾಗಬೇಕಾದರೆ ಎರಡು ವಾರ ಬಿಟ್ಟು ಮತ್ತೊಂದು ಸ್ಯಾಂಪಲ್ ತೆಗೆದು, ಮ್ಯಾಟ್ ಪರೀಕ್ಷೆಯಲ್ಲಿ ಟೈಟರ್ ನಾಲ್ಕು ಪಟ್ಟು ಏರಿತಾ ಅಂತ ನೋಡಬೇಕು.

ಇನ್ನು ಔಷಧಿಗೆ ಜ್ವರ ಬಿಟ್ಟಿದ್ದು. ಡಾಕ್ಸಿಸೈಕ್ಲಿನ್ ಸ್ಕ್ರಬ್ ಟೈಫಸ್‌ಗೂ ಮದ್ದು. ಅದಕ್ಕೂ ಎರಡು ದಿನದಲ್ಲೇ ಜ್ವರ ಇಳಿಯುತ್ತದೆ. ಎರಡು ಬೀಗಕ್ಕೂ ಆಗುವ ಕೀಲಿಕೈ ಹಾಕಿ ಬಾಗಿಲು ತೆಗೆದರೆ ಬೀಗ ಯಾವುದಿತ್ತು ಅಂತ ಹೇಗೆ ಗೊತ್ತಾಗುತ್ತದೆ?

ಮಾಡಿಫೈಡ್ ಫೇನ್ಸ್ ಸ್ಕೋರ್ 42 ಅಂತ ಒಂದೇ ಸಾಲಿನಲ್ಲಿದೆ, ಲೆಕ್ಕ ಬಿಡಿಸಿಲ್ಲ. ನಾನು ಕೂಡಿಸಿ ನೋಡಿದೆ, ಸರಿ ಇದೆ. ಅದರಲ್ಲಿ 15 ಐಜಿಎಂನದು. ಅದನ್ನು ತೆಗೆದರೂ ರೋಗಲಕ್ಷಣ ಮತ್ತು ಮಳೆ, ಕೆಸರು, ಪ್ರಾಣಿಗಳ ಸಂಪರ್ಕ ಸೇರಿ 27 ಉಳಿಯುತ್ತದೆ. ಗಡಿ 26. ಅಂದರೆ ಲ್ಯಾಬ್ ರಿಪೋರ್ಟ್ ಬರುವ ಮೊದಲೇ, ಸೇರಿದ ದಿನವೇ, ಇದು ಲೆಪ್ಟೊ ಇರಬಹುದು ಅಂತ ಹೇಳಲು ನಿಮ್ಮ ಹತ್ತಿರ ಆಧಾರವಿತ್ತು. ತಾಲೂಕು ಆಸ್ಪತ್ರೆಯಲ್ಲಿ ಎಲೈಸಾ ಕೈಗೆ ಸಿಗದೆ ಕೂತ ಡಾಕ್ಟರಿಗೆ ಬೇಕಾಗುವುದು ಇದೇ. ಅದನ್ನು ನೀವೇ ಮುಚ್ಚಿಟ್ಟಿದ್ದೀರಿ.

ಡಿಫರೆನ್ಷಿಯಲ್: 15ಕ್ಕೆ 7

ಹದಿನಾಲ್ಕು ರೋಗಗಳ ಪಟ್ಟಿ ಕೊಟ್ಟಿದ್ದೀರಿ. ಅದರಲ್ಲಿ ಯೆಲ್ಲೋ ಫೀವರ್ ಕೂಡ ಇದೆ! ಭಾರತದಲ್ಲಿ ಆ ಕಾಯಿಲೆಯೇ ಇಲ್ಲ. ಈ ರೋಗಿ ವಿಮಾನ ಹತ್ತಿದವನೂ ಅಲ್ಲ. ನನಗೆ ಹದಿನಾಲ್ಕು ಬೇಡ. ಐದು ಸಾಕು. ಪ್ರತಿಯೊಂದಕ್ಕೂ ಪರವಾಗಿ ಏನಿದೆ, ವಿರುದ್ಧ ಏನಿದೆ, ಬಿಡಿಸಲು ಇನ್ನೇನು ನೋಡಬೇಕು ಅನ್ನುವುದು ಬೇಕು.

ಸ್ಕ್ರಬ್ ಟೈಫಸ್‌ಗೆ ಪಟ್ಟಿಯಲ್ಲಿ ಒಂಬತ್ತನೇ ಜಾಗ ಸಿಕ್ಕಿದೆ. ನನ್ನ ಪ್ರಕಾರ ಅದು ಎರಡನೆಯದಾಗಬೇಕು. ಕುರುಚಲು ಕಾಡು, ತೋಟದ ಅಂಚು, ಹುಲ್ಲಲ್ಲಿ ಕೂತು ಊಟ, ಎಲ್ಲ ಇದೆ. ಜ್ವರ, ಪ್ಲೇಟ್‌ಲೆಟ್ ಇಳಿಕೆ, ಲಿವರ್, ಕಿಡ್ನಿ ಎಲ್ಲವನ್ನೂ ಅದು ಕೆಡಿಸಬಲ್ಲದು. ಚರ್ಮದ ಬಗ್ಗೆ ನೀವು ಬರೆದಿದ್ದು 'ಸಹಜ' ಅಂತ ಒಂದೇ ಪದ. ಎಲ್ಲೆಲ್ಲಿ ನೋಡಿದಿರಿ? ಎಸ್ಚಾರ್ ಅನ್ನುವ ಕಪ್ಪು ಹೊಪ್ಪಳೆ ನೋಯುವುದಿಲ್ಲ, ತುರಿಸುವುದೂ ಕಡಿಮೆ. ರೋಗಿ ತಾನಾಗಿ ತೋರಿಸುವುದಿಲ್ಲ. ಕಂಕುಳು, ತೊಡೆಸಂದಿ, ಪಂಚೆ ಕಟ್ಟುವ ಜಾಗ, ವೃಷಣದ ಚರ್ಮ, ಕಿವಿಯ ಹಿಂದೆ ಹುಡುಕಬೇಕು. ಮುಜುಗರ ಅನಿಸಿದರೆ ಇಂಟರ್ನ್ ಹುಡುಗನನ್ನು ಕರೆದು ನೋಡಿಸಿ, ಆದರೆ ಬಿಡಬೇಡಿ. ಈ ಜಾಗಗಳನ್ನೆಲ್ಲ ನೋಡಿದೆವು, ಎಸ್ಚಾರ್ ಇರಲಿಲ್ಲ ಅಂತ ಬರೆದರೆ ಅದಕ್ಕೊಂದು ಬೆಲೆ. ಎಸ್ಚಾರ್ ಇಲ್ಲ ಅಂದ ಮಾತ್ರಕ್ಕೆ ಸ್ಕ್ರಬ್ ಅಲ್ಲ ಅಂತಲೂ ಆಗುವುದಿಲ್ಲ. ಹಾಗಾಗಿ ಸ್ಕ್ರಬ್ ಐಜಿಎಂ ಕೂಡ ಕಳಿಸಬೇಕಿತ್ತು.

ಡೆಂಗ್ಯೂ ವಿಷಯಕ್ಕೆ ಬರೋಣ. 'ಎನ್‌ಎಸ್‌1 ನೆಗೆಟಿವ್, ಆದ್ದರಿಂದ ಡೆಂಗ್ಯೂ ಅಲ್ಲ' ಅಂದಿದ್ದೀರಿ. ಜ್ವರದ ಎಷ್ಟನೇ ದಿನದ ರಕ್ತ ಅದು? ಮೊದಲ ಪುಟದಲ್ಲಿ ಆರು ದಿನದ ಜ್ವರ ಅಂತಿದೆ, ಡಿಸ್ಕಶನ್‌ನಲ್ಲಿ ನಾಲ್ಕು ದಿನ ಅಂತಿದೆ. ಇದನ್ನು ಬರವಣಿಗೆಯ ತಪ್ಪು ಅಂತ ಬಿಡಲು ಆಗುವುದಿಲ್ಲ, ಉತ್ತರವೇ ಬದಲಾಗುತ್ತದೆ. ಎನ್‌ಎಸ್‌1 ಮೊದಲ ಐದು ದಿನದಲ್ಲಿ ಚೆನ್ನಾಗಿ ಸಿಗುತ್ತದೆ, ಆಮೇಲೆ ಕೈ ತಪ್ಪುವುದು ಜಾಸ್ತಿ. ಆರನೇ ದಿನವಾಗಿದ್ದರೆ ಡೆಂಗ್ಯೂ ಐಜಿಎಂ ಇಲ್ಲದೆ ಅದನ್ನು ಕೈಬಿಡುವಂತಿಲ್ಲ. ತಮಾಷೆ ಅಂದರೆ, ಡೆಂಗ್ಯೂ ವಿರುದ್ಧದ ಒಳ್ಳೆಯ ಸಾಕ್ಷಿ ನಿಮ್ಮ ಟೇಬಲಿನಲ್ಲೇ ಇತ್ತು. ಬಿಳಿ ರಕ್ತಕಣ 14,800, ನ್ಯೂಟ್ರೋಫಿಲ್ ಶೇ. 86. ಡೆಂಗ್ಯೂನಲ್ಲಿ ಸಾಮಾನ್ಯವಾಗಿ ಬಿಳಿ ಕಣ ಇಳಿಯುತ್ತದೆ. ಪ್ಲೇಟ್‌ಲೆಟ್ 58,000 ನೋಡಿ ಹೆದರಿದವರು ಅದರ ಮೇಲಿನ ಸಾಲನ್ನು ಓದುವುದಿಲ್ಲ, ಎಲ್ಲ ಕಡೆ ಇದೇ ಕತೆ.

ಮಲೇರಿಯಾಕ್ಕೆ ಒಂದೇ ಸ್ಮಿಯರ್ ಮಾಡಿ ಬಿಟ್ಟಿದ್ದೀರಿ. ಆತ ಊರಿಂದ ಮೂರು ವಾರದ ಹಿಂದೆ ಬಂದಿದ್ದರೆ ಒಂದು ಲೆಕ್ಕ, ಮೂರು ವರ್ಷದಿಂದ ಇಲ್ಲೇ ಇದ್ದರೆ ಇನ್ನೊಂದು ಲೆಕ್ಕ. ಫಾಲ್ಸಿಪಾರಂ ಕೂಡ ಕಾಮಾಲೆ, ಕಿಡ್ನಿ ತೊಂದರೆ ತರುತ್ತದೆ. ತಪ್ಪಿಸಿಕೊಂಡರೆ ಜೀವ ಹೋಗುತ್ತದೆ. ಸ್ಮಿಯರ್ ಮತ್ತೆ ಮಾಡಬೇಕಿತ್ತು, ರ‍್ಯಾಪಿಡ್ ಟೆಸ್ಟೂ ಜೊತೆಗಿರಬೇಕಿತ್ತು.

ಡಿಸ್ಕಶನ್: 10ಕ್ಕೆ 3

ಇಲ್ಲಿ ನನಗೆ ಸ್ವಲ್ಪ ಬೇಜಾರಾಯಿತು. 1886ರಲ್ಲಿ ವೈಲ್ ವಿವರಿಸಿದ್ದು, ಜಪಾನಿನಲ್ಲಿ ರೋಗಾಣು ಸಿಕ್ಕಿದ್ದು, ಇದಕ್ಕೇ ಒಂದು ಪುಟ. ಆಮೇಲೆ ಒಂದೂವರೆ ಪುಟ ಮಂಗನ ಕಾಯಿಲೆ. 1957, ಕ್ಯಾಸನೂರು ಕಾಡು, ಉಣ್ಣೆ, ಸತ್ತ ಮಂಗ, ಎಲ್ಲ ಸರಿಯಾಗಿಯೇ ಬರೆದಿದ್ದೀರಿ. ಆದರೆ ಅದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ ಕಾಣುವ ಕಾಯಿಲೆ. ನಿಮ್ಮ ರೋಗಿ ಬಂದಿದ್ದು ಕಕ್ಕಡದ ಸುರಿಮಳೆಯಲ್ಲಿ. ಕಾಡು ಇರುವ ಜಿಲ್ಲೆ ಅನ್ನುವುದಷ್ಟೇ ಕಾರಣವಾದರೆ ಎರಡು ಸಾಲು ಸಾಕಿತ್ತು. ಪುಟ ತುಂಬಿಸಲು ಬರೆದಿದ್ದು ಓದುವವರಿಗೆ ಗೊತ್ತಾಗಿಬಿಡುತ್ತದೆ.

ಈ ಕೇಸಿನಲ್ಲೇ ಚರ್ಚೆ ಮಾಡಬೇಕಾದ್ದು ಬೇರೆ ಇತ್ತು. ನರ್ಸ್ ನೋಟ್ಸ್ ನೋಡಿದಿರಾ? ಮೊದಲ ಡೋಸ್ ಸೆಫ್ಟ್ರಿಯಾಕ್ಸೋನ್ ಕೊಟ್ಟು ಐದು ಗಂಟೆಯಾದ ಮೇಲೆ, ರಾತ್ರಿ ಹನ್ನೊಂದಕ್ಕೆ, ಮಂಚ ಅಲುಗುವಷ್ಟು ನಡುಕ, ಜ್ವರ 103, ಬಿಪಿ 90/60. ನಿಮ್ಮ ರಿಪೋರ್ಟಿನಲ್ಲಿ ಅದು 'ಚಳಿ ಬಂತು, ಪ್ಯಾರಸಿಟಮಾಲ್ ಕೊಡಲಾಯಿತು' ಅಂತ ಮುಗಿದಿದೆ. ಅದು ಯಾರಿಶ್-ಹರ್ಕ್ಸ್‌ಹೈಮರ್ ರಿಯಾಕ್ಷನ್ ಆಗಿತ್ತಾ, ಔಷಧಿಯ ಅಲರ್ಜಿಯಾ, ಸೋಂಕೇ ಉಲ್ಬಣವಾಗಿತ್ತಾ? ದದ್ದು, ಉಬ್ಬಸ ಇತ್ತಾ? ಮುಂದಿನ ಡೋಸ್ ಕೊಡಬೇಕಾ, ನಿಲ್ಲಿಸಬೇಕಾ? ಆ ರಾತ್ರಿ ಡ್ಯೂಟಿ ಡಾಕ್ಟರ್ ಎದುರಿಗೆ ಇದ್ದ ಪ್ರಶ್ನೆ ಇದು. ಅಲರ್ಜಿ ಅಂತ ತಪ್ಪಾಗಿ ತಿಳಿದು ಆಂಟಿಬಯೋಟಿಕ್ ನಿಲ್ಲಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಡಿಸ್ಕಶನ್ ಪೂರ್ತಿ ಇದರ ಸುತ್ತಲೇ ಬರೆಯಬಹುದಿತ್ತು.

ಅದೇ ಗದ್ದೆಯಲ್ಲಿ ಅವನ ಜೊತೆ ಸಸಿ ಕಿತ್ತವರ ವಿಷಯವೂ ಇದೆ. ಯಾರಿಗಾದರೂ ಜ್ವರ ಇದೆಯಾ ಅಂತ ವಿಚಾರಿಸಬೇಕಿತ್ತು. ಕೆಸರಿಗೆ ಇಳಿಯುವಷ್ಟು ದಿನ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಗ್ರಾಂ ಕೊಡುವ ಬಗ್ಗೆ, ಅದರ ಮಿತಿಗಳ ಬಗ್ಗೆ ಒಂದು ಪ್ಯಾರಾ ಬರಬೇಕಿತ್ತು.

ತಿದ್ದುವಾಗ

ಕಣ್ಣಿನ ಫೋಟೋದ ಮೂಲೆಯಲ್ಲಿ ರೋಗಿಯ ಹೆಸರು, ಐಪಿ ನಂಬರ್ ಇರುವ ಚೀಟಿ ಕಾಣುತ್ತಿದೆ. ಇದನ್ನು ಇವತ್ತೇ ತೆಗೆಯಿರಿ. ಫೋಟೋಗೆ ಒಪ್ಪಿಗೆ ಪಡೆದದ್ದು ಆತನಿಗೆ ಅರ್ಥವಾಗುವ ಭಾಷೆಯಲ್ಲಾ ಅಂತ ನೋಡಿ. ಅಲ್ಲದಿದ್ದರೆ ಫೋಟೋ ಬೇಡ.

ಜ್ವರದ ದಿನಗಳನ್ನು ಒಂದು ಗೆರೆ ಎಳೆದು ಗುರುತಿಸಿ. ಗದ್ದೆಗೆ ಇಳಿದಿದ್ದು, ಜ್ವರ ಶುರುವಾಗಿದ್ದು, ಕಾಮಾಲೆ ಕಂಡಿದ್ದು, ಪ್ರತಿ ಟೆಸ್ಟಿನ ರಕ್ತ ತೆಗೆದಿದ್ದು, ಮೊದಲ ಡೋಸ್, ನಡುಕ, ಎಲ್ಲ ಅದರ ಮೇಲೆ ಬರಲಿ. ಡಿಫರೆನ್ಷಿಯಲ್ ಐದಕ್ಕೆ ಇಳಿಸಿ. ಇತಿಹಾಸ ಪೂರ್ತಿ ತೆಗೆಯಿರಿ. ಡಿಸ್ಕಶನ್ ಎರಡು ಪುಟ ಮೀರಬಾರದು.

ಆತ ಮುಂದಿನ ಸೋಮವಾರ ಒಪಿಡಿಗೆ ಬರಬೇಕು ಅಂತ ಡಿಸ್ಚಾರ್ಜ್ ಶೀಟಿನಲ್ಲಿದೆ. ಎರಡನೇ ಸ್ಯಾಂಪಲ್ ತೆಗೆಯಲು ಅದೇ ಸರಿಯಾದ ಹೊತ್ತು. ನೀವೂ ಅಲ್ಲಿರಿ. ಬಿಟ್ಟುಹೋದ ಹಿಸ್ಟರಿ ಕೇಳಿ. ರೈಟರ್ ಜೊತೆಗೆ ಬಂದರೆ ಅವರನ್ನು ಚೀಟಿ ಮಾಡಿಸಲು ಕಳಿಸಿ.